ಸಾವಿರದಲ್ಲಿ ನಾಲ್ಕರ ಅಂತರ

ಫ್ರಾನ್ಸಿನ ದಕ್ಷಿಣ ಭಾಗದಲ್ಲಿ, ರೋನ್ ನದಿಯ ಕಣಿವೆಯ ಟ್ರಿಕಾಸ್ಟಿನ್ ಎಂಬಲ್ಲಿ ನಾಲ್ಕು ಪರಮಾಣು ವಿದ್ಯುತ್ ಘಟಕಗಳಿವೆ. ಒಂದೊಂದರ ಸಾಮರ್ಥ್ಯವೂ 900 ಮೆಗಾವಾಟ್‌ಗಿಂತ ತುಸು ಹೆಚ್ಚು. ಬಹಳ ವರ್ಷಗಳ ಕಾಲ ಈ ನಾಲ್ಕರಲ್ಲಿ ಹೆಚ್ಚುಕಡಿಮೆ ಮೂರು ಘಟಕಗಳು ತಯಾರಿಸುತ್ತಿದ್ದಷ್ಟು ವಿದ್ಯುತ್ತನ್ನು ಪಕ್ಕದಲ್ಲೇ ಇದ್ದ ಒಂದೇ ಒಂದು ಕಾರ್ಖಾನೆ ಬಳಸುತ್ತಿತ್ತು. ಯುರೋಡಿಫ್ ಸಂಸ್ಥೆಯ ಆ ಕಾರ್ಖಾನೆಗೆ ಜಾರ್ಜ್ ಬೆಸ್ ಎಂಬ ಹೆಸರಿತ್ತು. 1979ರಲ್ಲಿ ಶುರುವಾಗಿ 2012ರಲ್ಲಿ ನಿಂತ ಅದು ಮಾಡುತ್ತಿದ್ದ ಕೆಲಸವನ್ನು ಹೇಳಲು ಒಂದು ವಾಕ್ಯ ಸಾಕು. ಒಂದು ಅನಿಲವನ್ನು ಒತ್ತಿ, ಅತಿ ಸೂಕ್ಷ್ಮ ರಂಧ್ರಗಳಿರುವ ಪೊರೆಯ ಮೂಲಕ ಅರ್ಧದಷ್ಟನ್ನು ಹಾಯಿಸಿ, ಹಾದುಹೋದದ್ದನ್ನು ಮತ್ತೆ ಒತ್ತಿ ಇನ್ನೊಂದು ಪೊರೆಗೆ ಕೊಡುವುದು. ಹೀಗೆ 1400 ಹಂತಗಳು.

ಇಷ್ಟು ಸರಳ ಕೆಲಸಕ್ಕೆ ಇಷ್ಟು ಉದ್ದದ ಸಾಲು ಏಕೆ, ಇಷ್ಟು ವಿದ್ಯುತ್ತು ಏಕೆ ಎಂಬುದಕ್ಕೆ ಉತ್ತರ ಒಂದು ಪುಟ್ಟ ಸಂಖ್ಯೆಯಲ್ಲಿದೆ: 1.0043. ಆ ಸಂಖ್ಯೆ ಎಲ್ಲಿಂದ ಬಂತು, ಅದು ಏನೇನು ಮಾಡಿಸಿತು ಎಂಬುದನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಗಣಿಯಿಂದ ಬಂದ ಯುರೇನಿಯಂನಲ್ಲಿ ಮುಖ್ಯವಾಗಿ ಎರಡು ಬಗೆಯ ಪರಮಾಣುಗಳಿರುತ್ತವೆ. ಒಂದರ ತೂಕ 238, ಇನ್ನೊಂದರದು 235. ಒಂದೇ ಧಾತುವಿನ ಇಂಥ ಬೇರೆ ಬೇರೆ ತೂಕದ ಪರಮಾಣುಗಳನ್ನು ಐಸೊಟೋಪ್‌ಗಳು ಎನ್ನುತ್ತಾರೆ. ರಿಯಾಕ್ಟರಿನಲ್ಲಿ ಸುಲಭವಾಗಿ ಒಡೆದು ಶಕ್ತಿ ಕೊಡುವುದು 235. ಆದರೆ ಅದು ಇರುವುದು ಲಕ್ಷ ಪರಮಾಣುಗಳಲ್ಲಿ ಸುಮಾರು 720 ಮಾತ್ರ. ನಮ್ಮ ಕೈಗಾದಲ್ಲಿರುವಂತಹ ಭಾರಜಲದ ರಿಯಾಕ್ಟರುಗಳಿಗೆ ಇಷ್ಟೇ ಸಾಕು. ಅವು ಗಣಿಯ ಯುರೇನಿಯಂ ಅನ್ನು ಇದ್ದ ಪ್ರಮಾಣದಲ್ಲೇ ಬಳಸುವಂತೆ ರೂಪಿಸಿದವು. ಫ್ರಾನ್ಸಿನ ಬಹುತೇಕ ರಿಯಾಕ್ಟರುಗಳಂತೆ ಸಾಮಾನ್ಯ ನೀರನ್ನೇ ಬಳಸುವ ರಿಯಾಕ್ಟರುಗಳಿಗೆ ಮಾತ್ರ 235ರ ಪಾಲನ್ನು ನೂರಕ್ಕೆ ಮೂರೋ ನಾಲ್ಕೋ ಆಗುವಷ್ಟು ಏರಿಸಬೇಕಾಗುತ್ತದೆ.

ಏರಿಸುವುದು ಹೇಗೆ? ಆಮ್ಲ ಹಾಕಿ ಕರಗಿಸಿದರೆ ಎರಡೂ ಕರಗುತ್ತವೆ, ಕಾಯಿಸಿದರೆ ಎರಡೂ ಒಟ್ಟಿಗೇ ಆವಿಯಾಗುತ್ತವೆ. ರಸಾಯನಶಾಸ್ತ್ರದ ಕಣ್ಣಿಗೆ ಅವೆರಡೂ ಹೆಚ್ಚುಕಡಿಮೆ ಒಂದೇ. ಉಳಿಯುವ ವ್ಯತ್ಯಾಸ ತೂಕದ್ದು ಮಾತ್ರ. ಆದ್ದರಿಂದ ತೂಕವೊಂದನ್ನೇ ಗಮನಿಸುವ ಯಾವುದಾದರೂ ಭೌತಿಕ ಕ್ರಿಯೆ ಬೇಕು. ಅಂಥದ್ದೊಂದು ಹತ್ತೊಂಬತ್ತನೆಯ ಶತಮಾನದಲ್ಲೇ ಗೊತ್ತಿತ್ತು.

ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ 1830ರ ಸುಮಾರಿಗೆ ಅನಿಲಗಳು ಸೂಕ್ಷ್ಮ ರಂಧ್ರಗಳಿಂದ ಜಿನುಗುವ ವೇಗವನ್ನು ಅಳೆಯುತ್ತಿದ್ದ. ಹಗುರ ಅನಿಲ ಬೇಗ ಜಿನುಗುತ್ತದೆ, ಭಾರದ್ದು ನಿಧಾನ. ಆದರೆ ತೂಕ ನಾಲ್ಕು ಪಟ್ಟಾದರೆ ವೇಗ ನಾಲ್ಕನೇ ಒಂದು ಭಾಗಕ್ಕೆ ಇಳಿಯುವುದಿಲ್ಲ, ಅರ್ಧಕ್ಕೆ ಇಳಿಯುತ್ತದೆ. ಅಂದರೆ ವೇಗ ತೂಕದ ವರ್ಗಮೂಲವನ್ನು ಅನುಸರಿಸಿ ಕುಗ್ಗುತ್ತದೆ. ಇದಕ್ಕೆ ಕಾರಣ ಇಷ್ಟೇ: ಒಂದೇ ಉಷ್ಣತೆಯಲ್ಲಿರುವ ಅನಿಲದ ಅಣುಗಳೆಲ್ಲಕ್ಕೂ ಸರಾಸರಿ ಚಲನಶಕ್ತಿ ಒಂದೇ. ಆ ಶಕ್ತಿ ವೇಗದ ವರ್ಗಕ್ಕೆ ಸಂಬಂಧಿಸಿದ್ದರಿಂದ, ತೂಕದ ವ್ಯತ್ಯಾಸ ವೇಗಕ್ಕೆ ಬರುವಾಗ ವರ್ಗಮೂಲವಾಗಿ ಸಣ್ಣದಾಗಿಬಿಡುತ್ತದೆ. ಈ ವರ್ಗಮೂಲವನ್ನು ನೆನಪಿಟ್ಟುಕೊಳ್ಳಬೇಕು. ಮುಂದಿನ ತೊಂದರೆಗಳಿಗೆಲ್ಲ ಮೂಲ ಅದೇ.

ಐಸೊಟೋಪ್‌ಗಳ ಮೇಲೆ ಈ ನಿಯಮವನ್ನು ಮೊದಲು ಪ್ರಯೋಗಿಸಿದವನು ಕೇಂಬ್ರಿಜ್‌ನ ಫ್ರಾನ್ಸಿಸ್ ಆಸ್ಟನ್, 1913ರಲ್ಲಿ. ಆತನ ಗುರು ಜೆ. ಜೆ. ಥಾಮ್ಸನ್ ನಿಯಾನ್ ಅನಿಲದಲ್ಲಿ 20 ಮತ್ತು 22 ತೂಕದ ಎರಡು ಗುರುತುಗಳನ್ನು ಕಂಡಿದ್ದ. ಅವು ನಿಜಕ್ಕೂ ಎರಡು ಬಗೆಯ ನಿಯಾನ್ ಹೌದೇ ಎಂದು ತಿಳಿಯಲು ಆಸ್ಟನ್ ಅದನ್ನು ಜೇಡಿಮಣ್ಣಿನ ಕೊಳವೆಗಳ ಮೂಲಕ ಮತ್ತೆ ಮತ್ತೆ ಜಿನುಗಿಸಿದ. ಮೊದಲು ಹಾದುಬಂದ ಪಾಲನ್ನು ಒಂದು ಕಡೆ, ಹಿಂದುಳಿದ ಪಾಲನ್ನು ಇನ್ನೊಂದು ಕಡೆ ಸೇರಿಸುತ್ತಾ ತಾಳ್ಮೆಯಿಂದ ಮುಂದುವರಿದ. ಕೊನೆಗೆ ಉಳಿದದ್ದು ಅತಿ ಸ್ವಲ್ಪ ಅನಿಲ, ಎರಡು ಪಾಲುಗಳ ನಡುವಿನ ವ್ಯತ್ಯಾಸವೂ ಅತಿ ಸ್ವಲ್ಪ. ಅದನ್ನು ಅಳೆಯಲು ಆತ ಸ್ಫಟಿಕಶಿಲೆಯ ಎಳೆಗಳಿಂದ ಪುಟ್ಟ ತಕ್ಕಡಿಯೊಂದನ್ನೇ ಕಟ್ಟಬೇಕಾಯಿತು. ಆದರೆ ತಕ್ಕಡಿ ವ್ಯತ್ಯಾಸವನ್ನು ಹಿಡಿಯಿತು. ನಿಯಾನ್‌ನ ಮಟ್ಟಿಗೆ ಲೆಕ್ಕ ಹೀಗೆ: 22ನ್ನು 20ರಿಂದ ಭಾಗಿಸಿದರೆ 1.1, ಅದರ ವರ್ಗಮೂಲ ಸುಮಾರು 1.049. ಒಂದು ಸಲ ಹಾದರೆ ಹಗುರ ನಿಯಾನ್‌ನ ಅನುಪಾತ ಹೆಚ್ಚೆಂದರೆ ನೂರಕ್ಕೆ ಐದರಷ್ಟು ಏರುತ್ತದೆ. ಇದನ್ನೇ ಬೇರ್ಪಡಿಕೆಯ ಗುಣಕ ಎನ್ನುವುದು.

ಈಗ ಯುರೇನಿಯಂಗೆ ಬರೋಣ. ಅದು ಲೋಹ, ಆದ್ದರಿಂದ ಮೊದಲು ಅನಿಲವಾಗಬಲ್ಲ ಸಂಯುಕ್ತವೊಂದು ಬೇಕು. ಕೈಗೆಟುಕುವ ಉಷ್ಣತೆಯಲ್ಲಿ ಅನಿಲವಾಗಿರುವ, ಈ ಕೆಲಸಕ್ಕೆ ಒದಗುವ ಯುರೇನಿಯಂ ಸಂಯುಕ್ತವೆಂದರೆ ಯುರೇನಿಯಂ ಹೆಕ್ಸಾಫ್ಲೋರೈಡ್. ಕಾರ್ಖಾನೆಯವರ ಬಾಯಲ್ಲಿ ಅದು ಬರೀ ‘ಹೆಕ್ಸ್’. ಒಂದು ಯುರೇನಿಯಂ ಪರಮಾಣುವಿಗೆ ಆರು ಫ್ಲೋರೀನ್ ಪರಮಾಣುಗಳು ಅಂಟಿಕೊಂಡಿರುವ ಈ ಬಿಳಿಯ ಹರಳು 56 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ದ್ರವವಾಗದೆ ನೇರವಾಗಿ ಆವಿಯಾಗುತ್ತದೆ. ಇದರಲ್ಲೊಂದು ದೊಡ್ಡ ಅನುಕೂಲವಿದೆ. ಪ್ರಕೃತಿಯಲ್ಲಿ ಫ್ಲೋರೀನ್‌ಗೆ ಇರುವುದು 19 ತೂಕದ ಒಂದೇ ಬಗೆಯ ಪರಮಾಣು. ಹಾಗಾಗಿ ಎರಡು ಅಣುಗಳ ತೂಕದಲ್ಲಿ ಏನು ವ್ಯತ್ಯಾಸವಿದ್ದರೂ ಅದು ಯುರೇನಿಯಂನಿಂದ ಬಂದದ್ದೇ. ಫ್ಲೋರೀನ್‌ಗೂ ಎರಡು ಮೂರು ಬಗೆಗಳಿದ್ದಿದ್ದರೆ ತೂಕಗಳು ಕಲಸಿಹೋಗಿ ಈ ದಾರಿಯೇ ಮುಚ್ಚಿಹೋಗುತ್ತಿತ್ತು.

ಅನಾನುಕೂಲವೂ ಅಲ್ಲೇ ಇದೆ. ಆರು ಫ್ಲೋರೀನ್‌ಗಳ 114ರ ತೂಕ ಎರಡೂ ಅಣುಗಳ ಮೇಲೆ ಸಮನಾಗಿ ಕೂರುತ್ತದೆ. ಒಂದು ಅಣು 349, ಇನ್ನೊಂದು 352. ಭಾಗಿಸಿದರೆ 1.0086, ವರ್ಗಮೂಲ ತೆಗೆದರೆ 1.0043. ಎಂಬತ್ತು ಡಿಗ್ರಿ ಉಷ್ಣತೆಯಲ್ಲಿ ಭಾರದ ಅಣು ಸೆಕೆಂಡಿಗೆ ಸರಾಸರಿ 146 ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಹಗುರ ಅಣು ಅದಕ್ಕಿಂತ ಸುಮಾರು ಅರವತ್ತು ಸೆಂಟಿಮೀಟರ್ ಮಾತ್ರ ಮುಂದೆ ಹೋಗುತ್ತದೆ. ಇಡೀ ಕಾರ್ಖಾನೆ ನಿಂತಿರುವುದು ಆ ಅರವತ್ತು ಸೆಂಟಿಮೀಟರಿನ ಮೇಲೆ.

ಇಲ್ಲಿ ಬಹಳ ಜನರಿಗಾಗುವ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಪೊರೆ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಜರಡಿ. ರವೆ ಮೇಲೆ ನಿಲ್ಲುತ್ತದೆ, ಹಿಟ್ಟು ಕೆಳಗೆ ಬೀಳುತ್ತದೆ. ಈ ಪೊರೆ ಹಾಗೆ ಕೆಲಸ ಮಾಡುವುದಿಲ್ಲ. ಎರಡು ಹೆಕ್ಸ್ ಅಣುಗಳ ಗಾತ್ರ ಒಂದೇ, ಪೊರೆಯ ರಂಧ್ರಗಳಾದರೋ ಅಣುವಿಗಿಂತ ಎಷ್ಟೋ ಪಟ್ಟು ದೊಡ್ಡವು. ಯಾವ ಅಣುವನ್ನೂ ಅವು ತಡೆಯುವುದಿಲ್ಲ. ಬೇರ್ಪಡಿಕೆ ನಡೆಯುವುದು ಗಾತ್ರದಿಂದಲ್ಲ, ಎಷ್ಟು ಸಲ ಬಂದು ಬಡಿಯುತ್ತದೆ ಎಂಬುದರಿಂದ. ತುಸು ವೇಗವಾಗಿ ಓಡುವ ಹಗುರ ಅಣು ಗೋಡೆಗೆ ತುಸು ಹೆಚ್ಚು ಸಲ ಬಡಿಯುತ್ತದೆ, ಹೀಗಾಗಿ ರಂಧ್ರದ ಬಾಯಿಯೂ ಅದಕ್ಕೆ ತುಸು ಹೆಚ್ಚು ಸಲ ಸಿಗುತ್ತದೆ.

ಹಾಗಾದರೆ ರಂಧ್ರ ಸೂಕ್ಷ್ಮವಾಗಿರಬೇಕು ಏಕೆ? ಅನಿಲದ ಅಣುಗಳು ಸದಾ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಎರಡು ಡಿಕ್ಕಿಗಳ ನಡುವೆ ಒಂದು ಅಣು ಸರಾಸರಿ ಇಷ್ಟು ದೂರ ಸಾಗುತ್ತದೆ ಎಂಬ ಲೆಕ್ಕವೊಂದಿದೆ. ರಂಧ್ರ ಆ ದೂರಕ್ಕಿಂತ ಅಗಲವಾಗಿದ್ದರೆ ಅಣುಗಳು ಅದರೊಳಗೂ ಪರಸ್ಪರ ಡಿಕ್ಕಿ ಹೊಡೆಯುತ್ತವೆ, ಹಗುರ ಭಾರಗಳೆರಡೂ ಒಂದನ್ನೊಂದು ತಳ್ಳಿಕೊಂಡು ಗುಂಪಾಗಿ ಹರಿದುಹೋಗುತ್ತವೆ. ಆಗ ಆಚೆಗೆ ಹೋದದ್ದೂ ಈಚೆ ಉಳಿದದ್ದೂ ಒಂದೇ ಮಿಶ್ರಣ. ಅಣು ತನ್ನ ಪಾಡಿಗೆ ತಾನು ಒಂಟಿಯಾಗಿ ಹಾದುಹೋದಾಗ ಮಾತ್ರ ಗ್ರಹಾಂ ನಿಯಮ ನಡೆಯುತ್ತದೆ. ಅದಕ್ಕೇ ರಂಧ್ರದ ಅಗಲವನ್ನು ಮಿಲಿಮೀಟರಿನ ಲಕ್ಷದ ಒಂದು ಭಾಗದ ಆಸುಪಾಸಿನಲ್ಲಿ ಇರಿಸಬೇಕಾಗುತ್ತದೆ. ಅನಿಲದ ಒತ್ತಡ ಏರಿಸಿದರೆ ಕೆಲಸ ಬೇಗ ಸಾಗುತ್ತದಲ್ಲ ಎಂದು ಅನ್ನಿಸಬಹುದು. ಆದರೆ ಒತ್ತಡ ಏರಿದಷ್ಟೂ ಅಣುಗಳು ಹತ್ತಿರವಾಗಿ ಡಿಕ್ಕಿಗಳ ನಡುವಿನ ದೂರ ಕುಗ್ಗುತ್ತದೆ, ಬೇರ್ಪಡಿಕೆ ಕೆಡುತ್ತದೆ. ಪೊರೆಯ ಆಚೆ ಬದಿಯಲ್ಲಿ ಅನಿಲ ತುಂಬಿಕೊಂಡರೂ ಕಷ್ಟ, ಆಗ ಅಣುಗಳು ಹಿಂದಕ್ಕೂ ಜಿನುಗುತ್ತವೆ. ಹೀಗಾಗಿ 1.0043 ಎಂಬುದು ಪ್ರಕೃತಿ ಹಾಕಿದ ಮೇಲಿನ ಮಿತಿ. ನಿಜವಾದ ಪೊರೆ ಅದಕ್ಕಿಂತ ಕೆಳಗೇ ಉಳಿಯುತ್ತದೆ.

ಒಂದು ಹಂತದಲ್ಲಿ ಏನಾಗುತ್ತದೆ ನೋಡಿ. ಲಕ್ಷಕ್ಕೆ 720 ಇರುವ ಹೆಕ್ಸ್ ಅನ್ನು ಪೊರೆಯ ಮುಂದೆ ತಂದರೆ, ಅತ್ಯುತ್ತಮ ಸ್ಥಿತಿಯಲ್ಲೂ ಆಚೆಗೆ ಮೊದಲು ಜಿನುಗುವ ಅನಿಲದಲ್ಲಿ ಲಕ್ಷಕ್ಕೆ 723 ಇರುತ್ತದೆ. ಅಷ್ಟೇ ಲಾಭ. ಇದನ್ನೂ ಪೂರ್ತಿ ಹಾಯಲು ಬಿಟ್ಟರೆ ಕಳೆದುಕೊಳ್ಳುತ್ತೇವೆ. ಎಲ್ಲ ಅನಿಲವೂ ಆಚೆಗೆ ಹೋಯಿತೆಂದರೆ ಆಚೆ ಇರುವುದು ಮೊದಲಿದ್ದ ಮಿಶ್ರಣವೇ ಅಲ್ಲವೇ? ಆದ್ದರಿಂದ ಸುಮಾರು ಅರ್ಧ ಹಾದ ಮೇಲೆ ಉಳಿದರ್ಧವನ್ನು ಹೊರಗೆ ಎಳೆದುಕೊಳ್ಳಬೇಕು. ಹಾದ ಅರ್ಧವನ್ನು ಕಂಪ್ರೆಸರಿನಿಂದ ಒತ್ತಿ, ಒತ್ತುವಾಗ ಹುಟ್ಟಿದ ಬಿಸಿಯನ್ನು ತಣಿಸಿ, ಮುಂದಿನ ಹಂತಕ್ಕೆ ಕೊಡಬೇಕು. ಉಳಿದರ್ಧ ಹಿಂದಿನ ಹಂತಕ್ಕೆ ಮರಳುತ್ತದೆ. ಅದನ್ನು ಎಸೆಯುವಂತಿಲ್ಲ, ಏಕೆಂದರೆ ಅದರಲ್ಲೂ 235 ಬಹುಪಾಲು ಹಾಗೇ ಇದೆ. ಹೀಗೆ ಪ್ರತಿ ಹಂತದಲ್ಲೂ ಒಂದು ಹರಿವು ಮೇಲಕ್ಕೆ, ಒಂದು ಹರಿವು ಕೆಳಕ್ಕೆ ಸಾಗುವಂತೆ ಹೆಣೆದ ಸಾಲನ್ನು ಕ್ಯಾಸ್ಕೇಡ್ ಎನ್ನುತ್ತಾರೆ. ಗಣಿಯ ಯುರೇನಿಯಂ ಈ ಸಾಲಿನ ನಡುವೆ ಎಲ್ಲೋ ಒಂದು ಕಡೆ ಒಳಗೆ ಬರುತ್ತದೆ. ಮೇಲಿನ ತುದಿಯಲ್ಲಿ 235 ಹೆಚ್ಚಿರುವ ಸರಕು, ಕೆಳಗಿನ ತುದಿಯಲ್ಲಿ 235 ಕಡಿಮೆಯಾದ ಶೇಷ ಹೊರಬರುತ್ತವೆ.

ಎಷ್ಟು ಹಂತ ಬೇಕು? ಟ್ರಿಕಾಸ್ಟಿನ್‌ನಂಥ ಸ್ಥಾವರವನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕೋಣ. ಸರಕಿನಲ್ಲಿ 235ರ ಪಾಲು ನೂರಕ್ಕೆ 4 ಇರಬೇಕು, ಶೇಷದಲ್ಲಿ ನೂರಕ್ಕೆ 0.3ಕ್ಕೆ ಇಳಿಯಬೇಕು ಎಂದಿರಲಿ. ಪ್ರತಿ ಹಂತವೂ 235ಕ್ಕೂ 238ಕ್ಕೂ ಇರುವ ಅನುಪಾತವನ್ನು 1.0043ರಿಂದ ಗುಣಿಸುತ್ತದೆ. ನೂರು ಸಲ ಗುಣಿಸಿದರೆ ಒಟ್ಟು ಏರಿಕೆ ಒಂದೂವರೆ ಪಟ್ಟು. ನೂರಕ್ಕೆ 0.71ರಿಂದ 4ಕ್ಕೆ ಏರಲು ಅನುಪಾತ ಸುಮಾರು 5.8 ಪಟ್ಟಾಗಬೇಕು, ಅದಕ್ಕೆ 411 ಸಲ ಗುಣಿಸಬೇಕು. ಕೆಳಗೆ 0.3ಕ್ಕೆ ಇಳಿಸಲು ಇನ್ನೂ ಸುಮಾರು 200. ಒಟ್ಟು ಆರುನೂರು ಚಿಲ್ಲರೆ.

ಆದರೆ ಇದು ಕನಿಷ್ಠ ಲೆಕ್ಕ. ಮೇಲೆ ಬಂದದ್ದನ್ನೆಲ್ಲ ಪೂರ್ತಿ ಹಿಂದಕ್ಕೆ ಕಳಿಸುತ್ತಾ, ಒಂದು ಗ್ರಾಂ ಸರಕನ್ನೂ ಹೊರಗೆ ತೆಗೆಯದೆ ಸಾಲನ್ನು ಸುಮ್ಮನೆ ಓಡಿಸಿದರೆ ಮಾತ್ರ ಈ ಸಂಖ್ಯೆ ಸಾಕು. ಸರಕು ಹೊರಗೆ ತೆಗೆಯಲು ಶುರು ಮಾಡಿದ ಕೂಡಲೇ ಪ್ರತಿ ಹಂತದ ಏರಿಕೆ ಕುಗ್ಗುತ್ತದೆ. ಎಲ್ಲಕ್ಕಿಂತ ಮಿತವ್ಯಯದ ಸಾಲಿನಲ್ಲಿ ಹಂತಗಳ ಸಂಖ್ಯೆ ಕನಿಷ್ಠದ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಈ ವಿದ್ಯೆಯ ಪ್ರಸಿದ್ಧ ಫಲಿತಾಂಶ. ಆರುನೂರರ ಎರಡು ಪಟ್ಟು ಸಾವಿರದ ಇನ್ನೂರು. ಪೊರೆಗಳು ಆದರ್ಶಕ್ಕಿಂತ ತುಸು ಕೆಳಗೆ ಇರುವುದನ್ನೂ ಸೇರಿಸಿಕೊಂಡರೆ ಟ್ರಿಕಾಸ್ಟಿನ್‌ನ 1400 ಎಂಬ ಸಂಖ್ಯೆಯ ಹತ್ತಿರಕ್ಕೆ ಬಂದೇಬಿಡುತ್ತೇವೆ. ಗ್ರಹಾಂ ಪ್ಲಾಸ್ಟರ್ ಬಿರಡೆಯಲ್ಲಿ ಕಂಡುಕೊಂಡ ನಿಯಮ ಇಷ್ಟು ದೊಡ್ಡ ಕಾರ್ಖಾನೆಯ ಉದ್ದವನ್ನು ಹೀಗೆ ಮೊದಲೇ ಹೇಳಿಬಿಡುತ್ತದೆ ಎಂಬುದು ನನಗೆ ಪ್ರತಿ ಸಲವೂ ಬೆರಗು ತರುವ ಸಂಗತಿ.

ಜನಪ್ರಿಯ ಬರಹಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ: ಗುಣಕ ಚಿಕ್ಕದು, ಆದ್ದರಿಂದ ಸಾಲು ಉದ್ದ. ನನ್ನ ಮಟ್ಟಿಗೆ ಉದ್ದಕ್ಕಿಂತ ದೊಡ್ಡ ಕಷ್ಟ ಅಗಲದ್ದು. ಪ್ರತಿ ಹಂತದಲ್ಲೂ ಎಷ್ಟು ಅನಿಲ ಹರಿಯಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ದಂಗುಬಡಿಸುತ್ತದೆ.

ನೂರಕ್ಕೆ 4ರ ಸರಕು ಒಂದು ಕಿಲೋ ಯುರೇನಿಯಂ ಬೇಕೆಂದರೆ ಒಳಗೆ ಹಾಕಬೇಕಾದ ಗಣಿಯ ಯುರೇನಿಯಂ ಸುಮಾರು ಒಂಬತ್ತು ಕಿಲೋ. ಎಂಟು ಕಿಲೋ ಶೇಷವಾಗಿ ಹೊರಗೆ ಹೋಗುತ್ತದೆ. ಒಳಗೆ ಒಂಬತ್ತು, ಹೊರಗೆ ಒಂಬತ್ತು. ನೋಡಲು ಚಿಕ್ಕ ವ್ಯವಹಾರ. ಆದರೆ ಗಣಿಯ ಯುರೇನಿಯಂ ಒಳಬರುವ ಹಂತದಲ್ಲಿ, ಆ ಒಂದು ಕಿಲೋ ಸರಕಿಗಾಗಿ ಪೊರೆಯನ್ನು ದಾಟಬೇಕಾದ ಯುರೇನಿಯಂ ಸುಮಾರು 2200 ಕಿಲೋ. ಹೆಚ್ಚುಕಡಿಮೆ ಅಷ್ಟೇ ಹಿಂದಕ್ಕೂ ಹೋಗುತ್ತಿರುತ್ತದೆ. ಕಾರಣ ಇಷ್ಟೇ: ಮೇಲಕ್ಕೆ ಹೋಗುವ ಹರಿವಿಗೂ ಕೆಳಕ್ಕೆ ಬರುವ ಹರಿವಿಗೂ 235ರ ಪಾಲಿನಲ್ಲಿರುವ ವ್ಯತ್ಯಾಸ ಅತಿ ಸಣ್ಣದು. ಮೇಲೆ ಹೋದ 235 ಬಹುಪಾಲು ಮತ್ತೆ ಕೆಳಗೆ ಬರುತ್ತದೆ. ನಿವ್ವಳವಾಗಿ ಮೇಲಕ್ಕೆ ಉಳಿಯುವುದು ಆ ಪುಟ್ಟ ವ್ಯತ್ಯಾಸವಷ್ಟೇ. ಪುಟ್ಟ ವ್ಯತ್ಯಾಸದಿಂದ ಬೇಕಾದಷ್ಟು 235 ಕೂಡಿಸಲು ಹರಿವನ್ನೇ ಹಿಗ್ಗಿಸಬೇಕು.

ಮೇಲೆ ಹೋದಂತೆ ಹರಿವು ಕಿರಿದಾಗುತ್ತದೆ. ಅದೇ ಒಂದು ಕಿಲೋಗೆ, 235ರ ಪಾಲು ನೂರಕ್ಕೆ 2 ಆಗಿರುವ ಹಂತದಲ್ಲಿ ದಾಟುವುದು 475 ಕಿಲೋ ಸಾಕು. ಮೂರೂವರೆ ಆಗಿರುವ ಕಡೆ ಸುಮಾರು 70 ಕಿಲೋ. ಅದಕ್ಕೇ ಇಂಥ ಸ್ಥಾವರಗಳ ನಡುವಿನ ಯಂತ್ರಗಳು ಬೃಹತ್ತಾಗಿರುತ್ತವೆ, ತುದಿಗಳ ಕಡೆಗೆ ಚಿಕ್ಕವಾಗುತ್ತವೆ. ಪ್ರತಿ ಹಂತಕ್ಕೂ ಸರಿಯಾಗಿ ಅದರದೇ ಅಳತೆಯ ಯಂತ್ರ ಕಟ್ಟುವುದು ಸಾಧ್ಯವಿಲ್ಲದ್ದರಿಂದ ಎರಡು ಮೂರು ಗಾತ್ರಗಳಲ್ಲಿ ಕಟ್ಟಿ ಹೊಂದಿಸಿಕೊಳ್ಳುತ್ತಾರೆ. ಈ ಕಿರಿದಾಗುವಿಕೆಯ ಉದ್ದೇಶ ಒಂದೇ: ಬೇರೆ ಬೇರೆ ಪ್ರಮಾಣದ ಎರಡು ಹರಿವುಗಳು ಎಲ್ಲೂ ಬೆರೆಯಬಾರದು. ಒಮ್ಮೆ ಬೆರೆತರೆ, ಅವನ್ನು ಬೇರ್ಪಡಿಸಲು ಅಲ್ಲಿಯವರೆಗೆ ಖರ್ಚಾದ ವಿದ್ಯುತ್ತು ವ್ಯರ್ಥ.

ಈಗ ಎರಡನ್ನೂ ಒಟ್ಟಿಗೆ ನೋಡಿ. 1.0043ರಲ್ಲಿ ಒಂದನ್ನು ಬಿಟ್ಟು ಉಳಿದ 0.0043 ಅರ್ಧವಾದರೆ ಹಂತಗಳು ಎರಡು ಪಟ್ಟಾಗುತ್ತವೆ. ಪ್ರತಿ ಹಂತದ ಹರಿವೂ ಎರಡು ಪಟ್ಟಾಗುತ್ತದೆ. ಹಾಗಾಗಿ ಒಟ್ಟು ಪೊರೆ, ಒಟ್ಟು ಕಂಪ್ರೆಸರ್, ಒಟ್ಟು ವಿದ್ಯುತ್ತು ನಾಲ್ಕು ಪಟ್ಟು. ಆಸ್ಟನ್‌ನ ನಿಯಾನ್‌ನಲ್ಲಿ ಇದೇ ಉಳಿಕೆ ಸುಮಾರು 0.049 ಇತ್ತು, ಯುರೇನಿಯಂಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು. ಅಂದರೆ ಅಷ್ಟೇ ಪ್ರಮಾಣದ ಬೇರ್ಪಡಿಕೆಗೆ ಯುರೇನಿಯಂ ಕೇಳುವುದು ಸುಮಾರು 130 ಪಟ್ಟು ದುಡಿಮೆ. ಪ್ರಯೋಗಾಲಯದ ಮೇಜಿನ ಮೇಲೆ ಆಗುತ್ತಿದ್ದ ಕೆಲಸ ಮೈಲುದ್ದದ ಕಟ್ಟಡವನ್ನು ಬೇಡಿದ್ದು ಈ ವರ್ಗದ ಲೆಕ್ಕದಿಂದ.

ಮೇಜಿನ ಮೇಲಿನ ಕೆಲಸವನ್ನು ಸಾಲಾಗಿ ಹೆಣೆದು ತೋರಿಸಿದವನು ಬರ್ಲಿನ್‌ನ ಗುಸ್ಟಾವ್ ಹರ್ಟ್ಸ್. 1925ರ ನೊಬೆಲ್ ಪ್ರಶಸ್ತಿಯನ್ನು ಜೇಮ್ಸ್ ಫ್ರಾಂಕ್ ಜೊತೆ ಹಂಚಿಕೊಂಡಿದ್ದ ಆತ 1932ರಲ್ಲಿ ಸರಂಧ್ರ ಕೊಳವೆಗಳನ್ನೂ ಪಾದರಸದ ಪಂಪುಗಳನ್ನೂ ಒಂದರ ಪಕ್ಕ ಒಂದು ಜೋಡಿಸಿದ. ಮುಂದಿನದಕ್ಕೆ ಹಗುರ ಪಾಲು, ಹಿಂದಿನದಕ್ಕೆ ಭಾರದ ಪಾಲು ತಾನಾಗಿಯೇ ಸಾಗುವಂತೆ ಮಾಡಿ ನಿಯಾನ್‌ನ ಐಸೊಟೋಪ್‌ಗಳನ್ನು ಬೇರ್ಪಡಿಸಿದ. ಆಸ್ಟನ್ ಕೈಯಿಂದ ಮಾಡಿದ್ದನ್ನು ಇಲ್ಲಿ ಪಂಪುಗಳು ಮಾಡಿದವು. ನಾತ್ಸಿ ಆಳ್ವಿಕೆಯಲ್ಲಿ ಆತ ಯೆಹೂದಿ ಮೂಲದ ಕಾರಣಕ್ಕೆ ಪ್ರಾಧ್ಯಾಪಕ ಹುದ್ದೆ ಬಿಡಬೇಕಾಯಿತು. ಯುದ್ಧದ ನಂತರ ಸೋವಿಯತ್ ಒಕ್ಕೂಟಕ್ಕೆ ಹೋಗಿ ಕಪ್ಪು ಸಮುದ್ರದ ದಂಡೆಯ ಸುಖುಮಿಯ ಬಳಿ ಇದೇ ಕೆಲಸ ಮುಂದುವರಿಸಿದ.

ಮೈಲುದ್ದದ ಕಟ್ಟಡ ಎದ್ದದ್ದು ಅಮೆರಿಕದ ಟೆನೆಸಿ ರಾಜ್ಯದ ಓಕ್ ರಿಜ್‌ನಲ್ಲಿ, ಅಣುಬಾಂಬಿನ ಯೋಜನೆಯ ಭಾಗವಾಗಿ. ಕೆ-25 ಎಂಬ ಗುಪ್ತ ಹೆಸರಿನ ಆ ಕಟ್ಟಡ ಇಂಗ್ಲಿಷಿನ ‘ಯು’ ಅಕ್ಷರದ ಆಕಾರದಲ್ಲಿತ್ತು, ಒಂದೊಂದು ತೋಳೂ ಅರ್ಧ ಮೈಲಿ. ಒಳಗೆ ಸುಮಾರು ಮೂರು ಸಾವಿರ ಹಂತಗಳು. 1945ರ ಆರಂಭದಲ್ಲಿ ಅದು ಭಾಗಭಾಗವಾಗಿ ಓಡಲು ಶುರುವಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಡನಿಂಗ್, ಹೆರಾಲ್ಡ್ ಯೂರಿ ಮುಂತಾದವರ ತಂಡ ಈ ವಿಧಾನವನ್ನು ಬೆಳೆಸಿತ್ತು. ಅವರನ್ನೆಲ್ಲ ಅತಿಯಾಗಿ ಕಾಡಿದ್ದು ಹಂತಗಳ ಸಂಖ್ಯೆಯಲ್ಲ, ಹೆಕ್ಸ್‌ನ ಸ್ವಭಾವ.

ಹೆಕ್ಸ್‌ಗೆ ನೀರಿನ ತೇವ ತಾಗಕೂಡದು. ಗಾಳಿಯ ತೇವ ಒಂದಿಷ್ಟು ಒಳಗೆ ಬಂದರೂ ಅದು ಹೈಡ್ರೋಜನ್ ಫ್ಲೋರೈಡ್ ಎಂಬ ಸುಡುವ ಅನಿಲವಾಗಿಯೂ ಯುರೇನಿಯಂನ ಒಂದು ಘನ ಪುಡಿಯಾಗಿಯೂ ಒಡೆಯುತ್ತದೆ. ಆ ಪುಡಿ ಪೊರೆಯ ರಂಧ್ರಗಳಲ್ಲಿ ಕೂತರೆ ಪೊರೆ ಕುರುಡಾಗುತ್ತದೆ. ಎಣ್ಣೆ, ಗ್ರೀಸು ಕೂಡ ಆಗದು, ಹೆಕ್ಸ್ ಅವುಗಳ ಜೊತೆಯೂ ವರ್ತಿಸುತ್ತದೆ. ಸಾವಿರಾರು ಕಂಪ್ರೆಸರುಗಳು ತಿರುಗಬೇಕು, ಆದರೆ ತಿರುಗುವ ದಂಡದ ಸುತ್ತ ಮಾಮೂಲಿ ಗ್ರೀಸು ಹಾಕುವಂತಿಲ್ಲ, ಗಾಳಿ ನುಸುಳಲು ಬಿಡುವಂತೆಯೂ ಇಲ್ಲ. ಬಹುತೇಕ ಲೋಹಗಳನ್ನು ಹೆಕ್ಸ್ ತಿನ್ನುತ್ತದೆ. ತಡೆದುಕೊಂಡದ್ದು ಮುಖ್ಯವಾಗಿ ನಿಕಲ್. ಪೊರೆಗೆ ನಿಕಲ್ ಸರಿ, ಆದರೆ ಮೈಲಿಗಟ್ಟಲೆ ಕೊಳವೆಗಳನ್ನೂ ಟ್ಯಾಂಕುಗಳನ್ನೂ ಗಟ್ಟಿ ನಿಕಲ್‌ನಲ್ಲಿ ಮಾಡುವಷ್ಟು ಲೋಹ ಎಲ್ಲಿ ತರುವುದು? ಕಾರು ತಯಾರಿಸುವ ಕ್ರೈಸ್ಲರ್ ಕಂಪನಿ ಉಕ್ಕಿನ ಪಾತ್ರೆಗಳ ಒಳಮೈಗೆ ತೆಳುವಾಗಿ ನಿಕಲ್ ಲೇಪಿಸುವ ದಾರಿ ಕಂಡುಕೊಂಡಿತು.

ಸೋರಿಕೆ ಎಲ್ಲಿದೆ ಎಂದು ತಿಳಿಯುವುದೂ ದೊಡ್ಡ ಕೆಲಸವೇ. ಲಕ್ಷಾಂತರ ಬೆಸುಗೆಗಳಲ್ಲಿ ಕಣ್ಣಿಗೆ ಕಾಣದ ಬಿರುಕನ್ನು ಹುಡುಕಬೇಕು. ಅದಕ್ಕಾಗಿ ಕೊಳವೆಯ ಒಳಗಿನ ಗಾಳಿಯನ್ನು ತೆಗೆದು, ಹೊರಗಿನಿಂದ ಬೆಸುಗೆಯ ಮೇಲೆ ಹೀಲಿಯಂ ಊದುತ್ತಿದ್ದರು. ಒಳಗಿನ ಗಾಳಿಯನ್ನು ಸೆಳೆಯುವ ಪಂಪಿಗೆ ತೂಕದ ಮೇಲೆ ಅಣುಗಳನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿರುತ್ತಿದ್ದರು. ಅದರಲ್ಲಿ ಹೀಲಿಯಂನ ಗುರುತು ಕಾಣಿಸಿದರೆ ಅಲ್ಲಿ ಬಿರುಕಿದೆ ಎಂದರ್ಥ. ಆ ಉಪಕರಣವನ್ನು ರೂಪಿಸಿದವರಲ್ಲಿ ಮುಖ್ಯನಾದವನು ಆಲ್ಫ್ರೆಡ್ ನೀರ್. ಇಂದು ಕೈಗಾರಿಕೆಗಳಲ್ಲಿ ಸಾಮಾನ್ಯವಾಗಿರುವ ಹೀಲಿಯಂ ಸೋರಿಕೆ ಪರೀಕ್ಷೆ ಬೆಳೆದದ್ದು ಹೀಗೆ. ಸ್ಥಾವರ ಓಡಲು ಶುರುವಾದ ಮೇಲೂ ಅದೇ ಬಗೆಯ ಉಪಕರಣ ಕಾವಲು ಕಾಯುತ್ತಿತ್ತು. ಹೊರಗಿನ ಗಾಳಿ ಹೆಕ್ಸ್‌ಗಿಂತ ಎಷ್ಟೋ ಹಗುರ, ಆದ್ದರಿಂದ ಒಳಗೆ ನುಸುಳಿದ ನೈಟ್ರೋಜನ್ ಪೊರೆಗಳನ್ನು ಬೇಗ ಬೇಗ ದಾಟಿ ಸಾಲಿನ ಮೇಲ್ತುದಿಗೆ ಬಂದು ಸೇರುತ್ತದೆ. ಮೇಲ್ತುದಿಯ ಅನಿಲದಲ್ಲಿ ಅದು ಹೆಚ್ಚಾಯಿತೆಂದರೆ ಕೆಳಗೆ ಎಲ್ಲೋ ಸೋರುತ್ತಿದೆ. ಒಂದು ಹಂತದ ಒತ್ತಡ ಮೊದಲಿನಷ್ಟೇ ಇದ್ದು, ಪೊರೆ ದಾಟುವ ಅನಿಲ ಕಡಿಮೆಯಾದರೆ ರಂಧ್ರಗಳು ಮುಚ್ಚುತ್ತಿವೆ.

ಉದ್ದದ ಸಾಲಿಗೆ ಇನ್ನೂ ಒಂದು ಗುಣವಿದೆ. ಸ್ವಿಚ್ ಹಾಕಿದ ಕೂಡಲೇ ಸರಕು ಬರುವುದಿಲ್ಲ. ಮೊದಲು ಇಡೀ ಸಾಲಿನಲ್ಲಿ ಗಣಿಯ ಪ್ರಮಾಣದ ಹೆಕ್ಸ್ ತುಂಬಿರುತ್ತದೆ. 235 ಒಂದೊಂದೇ ಹಂತ ಏರಿ, ಪ್ರತಿ ಹಂತವೂ ತನ್ನ ಪ್ರಮಾಣಕ್ಕೆ ಬಂದು ನಿಲ್ಲಲು ದಿನಗಳು ಬೇಕು, ಬಹಳ ಉದ್ದದ ಸಾಲಾದರೆ ವಾರಗಳು. ನಡುವೆ ವಿದ್ಯುತ್ತು ಹೋಗಿ ಹಂತಗಳ ಅನಿಲ ಒಂದಕ್ಕೊಂದು ಬೆರೆತರೆ ಆ ಏಣಿ ಕರಗಿಹೋಗುತ್ತದೆ. ಹಗಲೂ ರಾತ್ರಿಯೂ ನಿಲ್ಲದ ವಿದ್ಯುತ್ತು ಈ ಸ್ಥಾವರಗಳಿಗೆ ಅನಿವಾರ್ಯವಾಗಿದ್ದು ಇದಕ್ಕೇ.

ಆ ವಿದ್ಯುತ್ತಿನ ಲೆಕ್ಕಕ್ಕೆ ಬರೋಣ. ನಮ್ಮ ಉದಾಹರಣೆಯ ಒಂದು ಕಿಲೋ ಸರಕಿಗೆ ಡಿಫ್ಯೂಷನ್ ಸ್ಥಾವರದಲ್ಲಿ ಖರ್ಚಾಗುವುದು ಸುಮಾರು 12,600 ಯೂನಿಟ್. ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆಗೆ ಹತ್ತು ವರ್ಷಕ್ಕೆ ಆಗುವಷ್ಟು. ಇದು ಬಹುತೇಕ ಹೋಗುವುದು ಕಂಪ್ರೆಸರುಗಳಿಗೆ. ಪೊರೆ ದಾಟುವಾಗ ಅನಿಲದ ಒತ್ತಡ ಬಿದ್ದುಹೋಗುತ್ತದೆ, ಪ್ರತಿ ಹಂತದಲ್ಲೂ ಅದನ್ನು ಮೊದಲಿನಿಂದ ಒತ್ತಬೇಕು. ಒತ್ತಿದ ಶಕ್ತಿಯೆಲ್ಲ ಕೊನೆಗೆ ಬಿಸಿಯಾಗಿ ತಂಪುಗೋಪುರಗಳಿಂದ ಗಾಳಿಗೆ ಹೋಗುತ್ತದೆ. ಆದರೂ ಇಂಥ ಸ್ಥಾವರಗಳು ದಶಕಗಳ ಕಾಲ ಏಕೆ ಬಾಳಿದವು? ಅದೇ ಒಂದು ಕಿಲೋ ಇಂಧನ ರಿಯಾಕ್ಟರಿನಲ್ಲಿ ಸುಮಾರು ಮೂರೂವರೆ ಲಕ್ಷ ಯೂನಿಟ್ ವಿದ್ಯುತ್ತು ಕೊಡುತ್ತದೆ. ಅದರಲ್ಲಿ ನೂರಕ್ಕೆ ಮೂರ್ನಾಲ್ಕು ಪಾಲು ಬೇರ್ಪಡಿಕೆಗೆ ಹೋದರೂ ಲಾಭ ಉಳಿಯುತ್ತಿತ್ತು. ಇದಕ್ಕಿಂತ ಅಗ್ಗದ ದಾರಿ ಬರುವವರೆಗೆ ಮಾತ್ರ.

ಆ ದಾರಿ ಸೆಂಟ್ರಿಫ್ಯೂಜ್. ಹೆಕ್ಸ್ ತುಂಬಿದ ಕೊಳವೆಯನ್ನು ಅತಿ ವೇಗವಾಗಿ ತಿರುಗಿಸಿದರೆ ಭಾರದ ಅಣುಗಳು ಗೋಡೆಯ ಕಡೆ ಹೆಚ್ಚು ಸೇರುತ್ತವೆ. ಇಲ್ಲಿ ಬೇರ್ಪಡಿಕೆಯನ್ನು ನಿರ್ಧರಿಸುವುದು 352ಕ್ಕೂ 349ಕ್ಕೂ ಇರುವ ಅನುಪಾತವಲ್ಲ, ಅವುಗಳ ನಡುವಿನ 3 ಎಂಬ ವ್ಯತ್ಯಾಸ. ಫ್ಲೋರೀನ್‌ಗಳ ಹೊರೆ ಈ ಲೆಕ್ಕದಲ್ಲಿ ಅಡ್ಡ ಬರುವುದಿಲ್ಲ, ವರ್ಗಮೂಲವೂ ಇಲ್ಲ. ಮೇಲಾಗಿ ತಿರುಗುವ ವೇಗ ನಮ್ಮ ಕೈಯಲ್ಲಿದೆ, ಅದು ಏರಿದಂತೆ ಗುಣಕವೂ ಏರುತ್ತದೆ. ಪೊರೆಯ ವಿಧಾನದಲ್ಲಿ ಎಂಥ ಎಂಜಿನಿಯರನೂ 1.0043ನ್ನು ದಾಟಲಾರ. ಸೆಂಟ್ರಿಫ್ಯೂಜ್‌ನಲ್ಲಿ ಗಟ್ಟಿ ಲೋಹ, ನವಿರಾದ ಸಮತೋಲನ ಸಿಕ್ಕಷ್ಟೂ ಮುಂದೆ ಹೋಗಬಹುದು. ಮೈಸೂರಿನ ಬಳಿಯ ರತ್ನಹಳ್ಳಿಯಲ್ಲಿರುವ ನಮ್ಮ ದೇಶದ ಸ್ಥಾವರ ಹಿಡಿದದ್ದೂ ಸೆಂಟ್ರಿಫ್ಯೂಜ್ ದಾರಿಯನ್ನೇ.

ಓಕ್ ರಿಜ್‌ನಲ್ಲಿ ಡಿಫ್ಯೂಷನ್ ಕೆಲಸ 1985ರಲ್ಲಿ ನಿಂತಿತು. ಅಮೆರಿಕದ ಕೊನೆಯ ಇಂಥ ಸ್ಥಾವರವಾಗಿದ್ದ ಕೆಂಟಕಿಯ ಪಡುಕಾ 2013ರಲ್ಲಿ ಮುಚ್ಚಿತು. ಟ್ರಿಕಾಸ್ಟಿನ್‌ನಲ್ಲಿ ಹಳೆಯ ಕಾರ್ಖಾನೆಯ ಬದಲಿಗೆ ಸೆಂಟ್ರಿಫ್ಯೂಜ್‌ಗಳ ಹೊಸ ಕಾರ್ಖಾನೆ ಬಂದಿದೆ. ಅದೇ ಪ್ರಮಾಣದ ಬೇರ್ಪಡಿಕೆಗೆ ಅದು ಬಳಸುವ ವಿದ್ಯುತ್ತು ಹಳೆಯದರ ಸುಮಾರು ಐವತ್ತನೇ ಒಂದು ಭಾಗ. ಅಲ್ಲೂ ಕ್ಯಾಸ್ಕೇಡ್ ಇದೆ, ಆದರೆ ನೂರಕ್ಕೆ 4 ತಲುಪಲು ಹತ್ತಿಪ್ಪತ್ತು ಹಂತಗಳು ಸಾಕು. ಒಂದೊಂದು ಕೊಳವೆಯೊಳಗೆ ಹಿಡಿಯುವ ಅನಿಲ ಮಾತ್ರ ತೀರಾ ಸ್ವಲ್ಪ. ಹಾಗಾಗಿ ಪ್ರತಿ ಹಂತದಲ್ಲೂ ನೂರಾರು ಕೊಳವೆಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ಒಟ್ಟಿಗೆ ತಿರುಗಿಸುತ್ತಾರೆ.